ಕೊಂಡವರು ಕಡಿಮೆ, ಬಂದ ದುಡ್ಡು ಜಾಸ್ತಿ: ಎರಡು ಬೆಲೆಗಳ ಪರೀಕ್ಷೆಯನ್ನು ಓದುವುದು ಹೇಗೆ?

ನೀವೊಂದು ಆ್ಯಪ್ ಮಾಡಿ ತಿಂಗಳ ಚಂದಾ ಲೆಕ್ಕದಲ್ಲಿ ಮಾರುತ್ತಿದ್ದೀರಿ ಅಂದುಕೊಳ್ಳಿ. ಬೆಲೆ ತಿಂಗಳಿಗೆ 20. ಯಾವ ದೇಶದ ದುಡ್ಡು ಅನ್ನೋದು ಇಲ್ಲಿ ಮುಖ್ಯವಲ್ಲ, ಲೆಕ್ಕ ಎಲ್ಲ ಕಡೆಯೂ ಒಂದೇ. 30 ಇಟ್ಟರೂ ಜನ ಕೊಳ್ಳುತ್ತಾರೇನೋ ಅನ್ನೋ ಗುಮಾನಿ ನಿಮಗೆ ಮೊದಲಿಂದಲೂ ಇದೆ. ಕೊನೆಗೊಂದು ಪರೀಕ್ಷೆ ಶುರು ಮಾಡುತ್ತೀರಿ. ಬೆಲೆಯ ಪುಟಕ್ಕೆ ಬಂದವರಲ್ಲಿ ಅರ್ಧ ಜನಕ್ಕೆ 20 ಕಾಣುತ್ತದೆ, ಇನ್ನರ್ಧ ಜನಕ್ಕೆ 30. ಯಾರಿಗೆ ಯಾವುದು ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಇದಕ್ಕೇ ಎ/ಬಿ ಟೆಸ್ಟ್ ಅನ್ನುತ್ತಾರೆ.

ಕೆಲವು ವಾರ ಕಳೆದು ಡ್ಯಾಶ್‌ಬೋರ್ಡ್ ತೆರೆದರೆ 30ರ ಸಾಲು ಕೆಂಪಗಿದೆ. ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಪ್ರಮಾಣ, ಬಿದ್ದಿದೆ. "30 ಸೋತಿತು, 20 ಇರಲಿ ಬಿಡಿ" ಅಂತ ಪರೀಕ್ಷೆ ನಿಲ್ಲಿಸಿಬಿಡುತ್ತೀರಿ.

ಬಹಳ ಕಡೆ ನಡೆಯುವುದು ಇದೇ. ಆದರೆ ಬೆಲೆ ಏರಿಸಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಅನ್ನೋದು ಪರೀಕ್ಷೆ ಮಾಡದೆಯೂ ಗೊತ್ತಿದ್ದ ವಿಷಯ, ಅಲ್ವಾ? ಗೊತ್ತಿಲ್ಲದೆ ಇದ್ದದ್ದು ಒಂದೇ: ಎಷ್ಟು ಕಡಿಮೆಯಾಗುತ್ತಾರೆ, ಮತ್ತು ಉಳಿದವರು ಕೊಡುವ ಹೆಚ್ಚಿನ ದುಡ್ಡು ಆ ನಷ್ಟವನ್ನು ತುಂಬುತ್ತದೆಯೇ? ಈ ಪ್ರಶ್ನೆಗೆ ಕನ್ವರ್ಷನ್ ಉತ್ತರ ಕೊಡುವುದಿಲ್ಲ.

## ಕನ್ವರ್ಷನ್ ಒಂದೇ ಯಾಕೆ ಸಾಲದು

ಕನ್ವರ್ಷನ್ ಅಂದರೆ ನೂರು ಜನ ಬಂದರೆ ಅವರಲ್ಲಿ ಎಷ್ಟು ಜನ ಕೊಂಡರು ಅನ್ನುವ ಲೆಕ್ಕ. ಬಟನ್ನಿನ ಬಣ್ಣ, ಪುಟದ ತಲೆಬರಹ, ಫಾರ್ಮಿನ ಉದ್ದ, ಇಂಥವನ್ನು ಬದಲಿಸಿ ನೋಡುವಾಗ ಇದು ಒಳ್ಳೆಯ ಅಳತೆಯೇ. ಅಲ್ಲಿ ಎರಡೂ ಕಡೆ ಬೆಲೆ ಒಂದೇ ಇರುತ್ತದೆ. ಕೊಂಡವರು ಹೆಚ್ಚಾದರೆ ದುಡ್ಡೂ ಅಷ್ಟೇ ಹೆಚ್ಚಾಗುತ್ತದೆ. ಹಾಗಾಗಿ ಯಾವ ಪರೀಕ್ಷೆ ಮಾಡಿದರೂ ಕನ್ವರ್ಷನ್ ನೋಡುವುದೇ ಅಭ್ಯಾಸವಾಗಿಬಿಡುತ್ತದೆ, ಪರೀಕ್ಷೆಯ ಸಾಫ್ಟ್‌ವೇರ್‌ಗಳೂ ಸಾಮಾನ್ಯವಾಗಿ ಅದನ್ನೇ ಮುಂದೆ ತೋರಿಸುತ್ತವೆ.

ಬೆಲೆಯನ್ನೇ ಬದಲಿಸಿದಾಗ ಈ ನಂಟು ಕಡಿದುಹೋಗುತ್ತದೆ. ಬಸ್ಸಿನ ಲೆಕ್ಕ ಯೋಚಿಸಿ. ಬಸ್ ತುಂಬಿತ್ತಾ ಅನ್ನೋದು ಒಂದು ಪ್ರಶ್ನೆ. ಟ್ರಿಪ್ ಮುಗಿದಾಗ ಕಂಡಕ್ಟರ್ ಚೀಲದಲ್ಲಿ ಎಷ್ಟು ಕಲೆಕ್ಷನ್ ಆಗಿತ್ತು ಅನ್ನೋದು ಬೇರೆಯೇ ಪ್ರಶ್ನೆ. ಟಿಕೆಟ್ ದರ ಒಂದೇ ಇರುವವರೆಗೆ ತಲೆ ಎಣಿಸಿದರೂ ಸಾಕು. ದರ ಬದಲಾದ ದಿನ ಚೀಲ ತೆರೆದೇ ನೋಡಬೇಕು.

ಹಾಗೆ ಚೀಲ ನೋಡುವ ಅಳತೆಯೇ ರೆವೆನ್ಯೂ ಪರ್ ವಿಸಿಟರ್. ಪುಟಕ್ಕೆ ಬಂದ ಒಬ್ಬೊಬ್ಬರಿಂದಲೂ ಸರಾಸರಿ ಎಷ್ಟು ಆದಾಯ ಬಂತು ಅನ್ನುವ ಲೆಕ್ಕ ಇದು. ಕೊಳ್ಳದೆ ಹೋದವರನ್ನೂ ಸೇರಿಸಿಯೇ ಭಾಗಿಸಬೇಕು. ಇಲ್ಲಿ ಇದನ್ನು ತಲಾ ಆದಾಯ ಅಂತ ಕರೆಯೋಣ.

```
ತಲಾ ಆದಾಯ = ಒಟ್ಟು ಆದಾಯ ÷ ಬಂದವರ ಸಂಖ್ಯೆ
```

ಈಗ ಅಂಕಿ ಹಾಕೋಣ. ವಿಷಯ ತಿಳಿಯಲಿ ಅಂತ ಮಾಡಿಕೊಂಡ ಉದಾಹರಣೆ ಇದು. ಎರಡೂ ಕಡೆ 10,000 ಜನ ಬಂದರು. 20 ಕಂಡವರಲ್ಲಿ 300 ಜನ ಕೊಂಡರು, ಅಂದರೆ ಕನ್ವರ್ಷನ್ 3%. ಬಂದ ದುಡ್ಡು 6,000. ತಲಾ ಆದಾಯ 0.60. 30 ಕಂಡವರಲ್ಲಿ 230 ಜನ ಕೊಂಡರು, ಕನ್ವರ್ಷನ್ 2.3%. ಬಂದ ದುಡ್ಡು 6,900. ತಲಾ ಆದಾಯ 0.69.

ಕನ್ವರ್ಷನ್ ಪ್ರಕಾರ 30 ಚೆನ್ನಾಗಿ ಸೋತಿದೆ, ಕೊಂಡವರು 23% ಕಡಿಮೆ. ತಲಾ ಆದಾಯದ ಪ್ರಕಾರ ಅದೇ 30 ಸುಮಾರು 15% ಮುಂದಿದೆ. ನಡೆದದ್ದು ಒಂದೇ ಪರೀಕ್ಷೆ, ಅಳತೆಗೋಲು ಮಾತ್ರ ಬೇರೆ.

## ಪರೀಕ್ಷೆಗೆ ಮುಂಚೆ ಒಂದು ಭಾಗಾಕಾರ

ಪರೀಕ್ಷೆ ಶುರು ಮಾಡುವ ಮೊದಲೇ ತಿಳಿದುಕೊಳ್ಳಬಹುದಾದ ಒಂದು ಗಡಿ ಇದೆ. 30ರ ಬೆಲೆ ಎಷ್ಟು ಗಿರಾಕಿಗಳನ್ನು ಕಳೆದುಕೊಂಡರೂ 20ರ ಸಮಕ್ಕೆ ನಿಲ್ಲುತ್ತದೆ ಅನ್ನುವ ಗಡಿ. ಹಳೇ ಬೆಲೆಯನ್ನು ಹೊಸ ಬೆಲೆಯಿಂದ ಭಾಗಿಸಿ, ಈಗಿನ ಕನ್ವರ್ಷನ್‌ಗೆ ಗುಣಿಸಿದರೆ ಸಾಕು. 20 ÷ 30 × 3% ಅಂದರೆ 2%. ಹೊಸ ಬೆಲೆಯ ಕನ್ವರ್ಷನ್ 2%ಕ್ಕಿಂತ ಮೇಲಿದ್ದರೆ ಆದಾಯದಲ್ಲಿ ಅದು ಮುಂದೆ, ಕೆಳಗಿದ್ದರೆ ಹಿಂದೆ.

ಈ 2%ವನ್ನು ಬರೆದಿಟ್ಟುಕೊಂಡೇ ಪರೀಕ್ಷೆಗೆ ಇಳಿಯುವುದು ಒಳ್ಳೆಯದು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ 2.3% ಅಂತ ಕೆಂಪಕ್ಷರ ಕಂಡಾಗ ಗಾಬರಿಯಾಗುವುದಿಲ್ಲ. ಅದನ್ನು ಹೋಲಿಸಬೇಕಾದದ್ದು 3%ದ ಜೊತೆ ಅಲ್ಲ, 2%ದ ಜೊತೆ.

ಒಬ್ಬ ಗಿರಾಕಿಯನ್ನು ಇಟ್ಟುಕೊಳ್ಳಲು ನಿಮಗೂ ಖರ್ಚಿದ್ದರೆ ಗಡಿ ಇನ್ನೂ ಕೆಳಗೆ ಹೋಗುತ್ತದೆ. ಸರ್ವರ್, ಸಪೋರ್ಟ್, ಪೇಮೆಂಟ್ ಶುಲ್ಕ ಎಲ್ಲ ಸೇರಿ ತಿಂಗಳಿಗೆ ತಲೆಗೆ 5 ಖರ್ಚು ಅಂತಿಟ್ಟುಕೊಳ್ಳಿ. ಆಗ 20ರಲ್ಲಿ ಕೈಗೆ ಉಳಿಯುವುದು 15, 30ರಲ್ಲಿ 25. ಗಡಿ 15 ÷ 25 × 3%, ಅಂದರೆ 1.8%. ತಲೆಗೆ ತಗಲುವ ಖರ್ಚು ದೊಡ್ಡದಾಗಿರುವ ವ್ಯವಹಾರದಲ್ಲಿ ಆದಾಯದ ಬದಲು ಈ ಉಳಿಕೆಯನ್ನೇ ತಲಾ ಲೆಕ್ಕ ಹಾಕುವುದು ಸರಿ.

## ಬಹಳ ಜನ ಎಡವುವುದು ಇಲ್ಲಿ

ಮೇಲಿನ ಲೆಕ್ಕ ನೋಡಿ "ಹಾಗಾದರೆ 30 ಗೆದ್ದಿತು" ಅಂತ ಹೇಳಿಬಿಡಬಹುದಾ? ಇಲ್ಲ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ಜಾಗ, ಯಾಕೆಂದರೆ ಅದೇ ಅಂಕಿಗಳು ಕನ್ವರ್ಷನ್ ಬಗ್ಗೆ ಗಟ್ಟಿಯಾಗಿ ಮಾತಾಡುತ್ತವೆ, ಆದಾಯದ ಬಗ್ಗೆ ಮಾತ್ರ ತಡವರಿಸುತ್ತವೆ.

300 ಜನ ಕೊಂಡರು ಅನ್ನೋದರಲ್ಲಿ ಸ್ವಲ್ಪ ಅದೃಷ್ಟದ ಪಾಲೂ ಇರುತ್ತದೆ. ಅದೇ ಪುಟ, ಅದೇ ಬೆಲೆ ಇಟ್ಟು ಇನ್ನೊಂದು 10,000 ಜನಕ್ಕೆ ತೋರಿಸಿದರೆ 290 ಬರಬಹುದು, 315 ಬರಬಹುದು. ಈ ಏರಿಳಿತ ಎಷ್ಟು ಅಂತ ಅಂದಾಜು ಮಾಡುವ ಒಂದು ಸುಲಭ ದಾರಿ: ಕೊಂಡವರ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಕನ್ವರ್ಷನ್ ಹೀಗೆ ಕೆಲವೇ ಶೇಕಡಾ ಇರುವ ಕಡೆ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. 300ರ ಎರಡೂ ಕಡೆ ಸುಮಾರು 35, ಅಂದರೆ 265ರಿಂದ 335. 230ರ ಎರಡೂ ಕಡೆ ಸುಮಾರು 30, ಅಂದರೆ 200ರಿಂದ 260. ಈ ಎರಡು ವ್ಯಾಪ್ತಿಗಳು ಒಂದಕ್ಕೊಂದು ತಾಗುವುದೇ ಇಲ್ಲ. ಹಾಗಾಗಿ 30ರಲ್ಲಿ ಕೊಳ್ಳುವವರು ನಿಜಕ್ಕೂ ಕಡಿಮೆ ಅಂತ ಧೈರ್ಯವಾಗಿ ಹೇಳಬಹುದು.

ಈಗ ಅವೇ ಸಂಖ್ಯೆಗಳನ್ನು ದುಡ್ಡಿಗೆ ಬದಲಾಯಿಸಿ. 20ರ ಕಡೆ 35 ಜನರ ಏರಿಳಿತ ಅಂದರೆ 700. ಆದಾಯ 5,300ರಿಂದ 6,700ರವರೆಗೆ ಎಲ್ಲಿ ಬೇಕಾದರೂ ಇರಬಹುದು. 30ರ ಕಡೆ 30 ಜನರ ಏರಿಳಿತ ಅಂದರೆ 900. ಆದಾಯ 6,000ದಿಂದ 7,800. ಈ ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದಿವೆ. ತೂಕ ಹಾಕಬೇಕಾದದ್ದು ಎರಡರ ನಡುವಿನ ವ್ಯತ್ಯಾಸವನ್ನು. ಆ ಲೆಕ್ಕ ಹಾಕಿದರೂ ಕಾಣುವ 900ರ ಲಾಭದ ಸುತ್ತ ಏರಿಳಿತ ಸುಮಾರು 1,100 ಬರುತ್ತದೆ. ಅಂದರೆ ನಿಜವಾದ ಉತ್ತರ 200ರ ನಷ್ಟದಿಂದ 2,000ದ ಲಾಭದವರೆಗೆ ಎಲ್ಲಾದರೂ ಇರಬಹುದು. 30 ಬಹುಶಃ ಮೇಲು, ಆದರೆ ಇನ್ನೂ ಖಚಿತವಿಲ್ಲ.

ಯಾಕೆ ಹೀಗೆ? ಎರಡು ಕಾರಣ. ಬೆಲೆ ಏರಿದ ಲಾಭ ಮತ್ತು ಗಿರಾಕಿ ಇಳಿದ ನಷ್ಟ ಒಂದನ್ನೊಂದು ತಿಂದುಕೊಳ್ಳುತ್ತವೆ. ಕನ್ವರ್ಷನ್‌ನಲ್ಲಿ 23%ದಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಆದಾಯದಲ್ಲಿ ಉಳಿಯುವುದು 15% ಮಾತ್ರ. ಅದರ ಮೇಲೆ, ದುಬಾರಿ ಬೆಲೆಯ ಕಡೆ ಒಬ್ಬ ಗಿರಾಕಿ ಅದೃಷ್ಟದಿಂದ ಬಂದರೆ ಅಥವಾ ಹೋದರೆ ಅಲುಗಾಡುವುದು 30, 20 ಅಲ್ಲ.

ಇದರ ಪರಿಣಾಮ ಕೆಲಸದ ಮೇಲೆ ನೇರವಾಗಿ ಬೀಳುತ್ತದೆ. ಇಷ್ಟು ವ್ಯತ್ಯಾಸ ನಿಜವಾಗಿಯೂ ಇದ್ದರೆ, ಹತ್ತು ಪರೀಕ್ಷೆಗಳಲ್ಲಿ ಎಂಟರಲ್ಲಾದರೂ ಅದು ಸ್ಪಷ್ಟವಾಗಿ ಕಾಣಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಗೆ ಕನ್ವರ್ಷನ್‌ನ ಇಳಿಕೆ ಕಾಣಲು ಒಂದೊಂದು ಕಡೆಗೆ ಸುಮಾರು 8,300 ಜನ ಸಾಕು. ಆದಾಯದ ಏರಿಕೆ ಕಾಣಲು ಒಂದೊಂದು ಕಡೆಗೆ ಸುಮಾರು 31,000 ಜನ ಬೇಕು. ಹತ್ತಿರ ಹತ್ತಿರ ನಾಲ್ಕು ಪಟ್ಟು. ಕನ್ವರ್ಷನ್ ಪರೀಕ್ಷೆಗೆ ಅಂತ ಲೆಕ್ಕ ಹಾಕಿದ ಅವಧಿಯಲ್ಲೇ ಬೆಲೆಯ ಪರೀಕ್ಷೆಯನ್ನೂ ಮುಗಿಸಿದರೆ, ಇಳಿಕೆ ಗಟ್ಟಿಯಾಗಿ ಕಂಡಿರುತ್ತದೆ, ಏರಿಕೆ ಮಸುಕಾಗಿರುತ್ತದೆ. ಒಳ್ಳೆಯ ಬೆಲೆಗಳು ಸುಮ್ನೆ ಕಸದ ಬುಟ್ಟಿಗೆ ಹೋಗುವುದು ಹೀಗೆ.

ದಿನಾ ಬೆಳಗ್ಗೆ ನೋಡಿ, ಆದಾಯದ ಸಾಲು ಹಸಿರಾದ ದಿನವೇ ನಿಲ್ಲಿಸುವುದೂ ಅಷ್ಟೇ ತಪ್ಪು. ಮೇಲೆ ಕೆಳಗೆ ಆಡುವ ಗೆರೆ ಒಂದಲ್ಲ ಒಂದು ದಿನ ಹಸಿರಾಗಿಯೇ ಆಗುತ್ತದೆ. ಎಷ್ಟು ಜನ ಬಂದ ಮೇಲೆ ನೋಡುವುದು ಅಂತ ಮೊದಲೇ ನಿರ್ಧರಿಸಿ, ವಾರದ ಎಲ್ಲ ದಿನಗಳೂ ಸಮನಾಗಿ ಸೇರುವ ಹಾಗೆ ಪೂರ್ತಿ ವಾರಗಳನ್ನು ಓಡಿಸಬೇಕು.

ಒಬ್ಬೊಬ್ಬ ಗಿರಾಕಿ ಬೇರೆ ಬೇರೆ ಮೊತ್ತ ಕೊಡುವ ಕಡೆ ಇನ್ನೊಂದು ಅಪಾಯ ಇದೆ. ಒಂದು ಕಂಪನಿ ಬಂದು ತನ್ನ 100 ಉದ್ಯೋಗಿಗಳಿಗೆ ಒಟ್ಟಿಗೆ ಚಂದಾ ಕೊಂಡಿತು ಅನ್ನಿ. ಚೀಟಿಯಲ್ಲಿ ಅದು 20ರ ಕಡೆ ಬಿದ್ದಿದ್ದರೆ ಆ ಕಡೆಯ ಆದಾಯ 6,000ದಿಂದ 8,000ಕ್ಕೆ ಜಿಗಿಯುತ್ತದೆ, ಇಡೀ ತೀರ್ಪು ಒಬ್ಬ ಗಿರಾಕಿಯಿಂದ ತಿರುವುಮುರುವಾಗುತ್ತದೆ. ಹಾಗಾಗಿ ಎರಡೂ ಕಡೆಯ ಅತಿ ದೊಡ್ಡ ಐದಾರು ಪಾವತಿಗಳನ್ನು ಕಣ್ಣಾರೆ ನೋಡಲೇಬೇಕು. ಒಬ್ಬರಿಂದ ಇಷ್ಟಕ್ಕಿಂತ ಹೆಚ್ಚು ಎಣಿಸುವುದಿಲ್ಲ ಅಂತ ಒಂದು ಮಿತಿಯನ್ನು ಪರೀಕ್ಷೆಗೆ ಮುಂಚೆಯೇ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಫಲಿತಾಂಶ ನೋಡಿದ ಮೇಲೆ ಮಿತಿ ಹಾಕಿದರೆ ಅದು ನಮಗೆ ಬೇಕಾದ ಉತ್ತರದ ಕಡೆಗೇ ವಾಲುತ್ತದೆ.

## ಯಾರನ್ನು ಎಣಿಸಬೇಕು?

ತಲಾ ಆದಾಯದಲ್ಲಿ ಕೆಳಗಿನ ಸಂಖ್ಯೆ, ಅಂದರೆ ಬಂದವರ ಲೆಕ್ಕ, ತಪ್ಪಿದರೆ ಮೇಲಿನ ಆದಾಯದ ಲೆಕ್ಕ ಸರಿಯಿದ್ದೂ ಪ್ರಯೋಜನವಿಲ್ಲ. ಎಣಿಸಬೇಕಾದದ್ದು ಬೆಲೆ ಕಂಡ ಜನರನ್ನು, ಪುಟ ಎಷ್ಟು ಸಲ ತೆರೆಯಿತು ಅನ್ನೋದನ್ನಲ್ಲ. 30 ಕಂಡವರು ಯೋಚನೆ ಮಾಡಲು ಹೋಗಿ ಮತ್ತೆ ಮತ್ತೆ ಬರುತ್ತಾರೆ. ಅವರ ಒಂದೊಂದು ಭೇಟಿಯನ್ನೂ ಹೊಸಬರ ಹಾಗೆ ಎಣಿಸಿದರೆ 30ರ ತಲಾ ಆದಾಯ ವಿನಾಕಾರಣ ಕಡಿಮೆ ಕಾಣುತ್ತದೆ.

ಅವರು ಕೊಳ್ಳಲು ಜಾಸ್ತಿ ದಿನ ತೆಗೆದುಕೊಳ್ಳಲೂಬಹುದು. ಅದಕ್ಕೇ ಒಬ್ಬೊಬ್ಬರಿಗೂ ಮೊದಲು ಬಂದ ದಿನದಿಂದ ಇಷ್ಟು ದಿನ, ಉದಾಹರಣೆಗೆ 30 ದಿನ, ಅಂತ ಸಮಾನ ಅವಧಿ ಕೊಡಬೇಕು. ನಿನ್ನೆ ಬಂದವರನ್ನು ಇವತ್ತೇ "ಕೊಳ್ಳಲಿಲ್ಲ" ಅಂತ ಬರೆದುಕೊಂಡರೆ ಲೆಕ್ಕ ಕೆಡುತ್ತದೆ. ಉಚಿತ ಟ್ರಯಲ್ ಇದ್ದರಂತೂ ಟ್ರಯಲ್ ಮುಗಿದು ಮೊದಲ ಪಾವತಿ ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಆದಾಯ ಅಂದರೂ ನಿಜವಾಗಿ ಕೈಗೆ ಬಂದದ್ದು: ರಿಯಾಯಿತಿ ಕೂಪನ್ ಕಳೆದು, ವಾಪಸ್ ಕೊಟ್ಟ ದುಡ್ಡು ಕಳೆದು.

ಚೀಟಿ ಎತ್ತಿದ್ದು ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಒಟ್ಟು 20,000 ಜನರನ್ನು ಅರ್ಧರ್ಧ ಹಂಚಿದರೆ ಎರಡೂ ಕಡೆ ಕರಾರುವಾಕ್ಕಾಗಿ 10,000 ಬರುವುದಿಲ್ಲ, 100 ಅಥವಾ 140 ಆಚೀಚೆ ಆಗುವುದು ಸಹಜ. ಆದರೆ ಒಂದು ಕಡೆ 10,300, ಇನ್ನೊಂದು ಕಡೆ 9,700 ಬಂದರೆ ಅದು ಅದೃಷ್ಟದ ಆಟವಲ್ಲ, ಎಲ್ಲೋ ಏನೋ ಕೆಟ್ಟಿದೆ. ಹೊಸ ಬೆಲೆಯ ಪುಟ ಬೇರೆ ವಿಳಾಸಕ್ಕೆ ಜಿಗಿದು ನಿಧಾನವಾಗಿ ತೆರೆಯುತ್ತಿರಬಹುದು, ಕೆಲವರು ಎಣಿಕೆಗೆ ಸಿಗುವ ಮೊದಲೇ ಹೊರಟುಹೋಗುತ್ತಿರಬಹುದು. ಕಾರಣ ಸಿಗುವವರೆಗೆ ಆ ಫಲಿತಾಂಶವನ್ನು ನಂಬುವಂತಿಲ್ಲ, ಅದು ಎಷ್ಟೇ ಚೆನ್ನಾಗಿದ್ದರೂ.

ಎರಡೂ ಬೆಲೆಗಳು ಒಂದೇ ಸಮಯದಲ್ಲಿ ಓಡಬೇಕು ಅನ್ನೋದನ್ನೂ ಮರೆಯಬಾರದು. ಹೋದ ತಿಂಗಳು 20, ಈ ತಿಂಗಳು 30 ಅಂತ ಹೋಲಿಸಿದರೆ ಬದಲಾದದ್ದು ಬೆಲೆಯೋ ಬಂದ ಜನರೋ ಅಂತ ಹೇಳಲು ಆಗುವುದಿಲ್ಲ.

## ಮೊದಲ ತಿಂಗಳ ಆಚೆಗೆ

ಇಲ್ಲಿಯವರೆಗಿನ ಲೆಕ್ಕವೆಲ್ಲ ಮೊದಲ ಪಾವತಿಯದು. ಒಂದೇ ಸಲ ಮಾರುವ ವಸ್ತುವಾದರೆ ಅಷ್ಟು ಸಾಕು. ಚಂದಾ ಆದರೆ ಗಿರಾಕಿ ಎಷ್ಟು ತಿಂಗಳು ಉಳಿಯುತ್ತಾನೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಪ್ರತಿ ತಿಂಗಳು ಚಂದಾ ಬಿಟ್ಟುಹೋಗುವವರ ಪ್ರಮಾಣಕ್ಕೆ ಚರ್ನ್ ಅನ್ನುತ್ತಾರೆ. ಅದು ತಿಂಗಳು ತಿಂಗಳು ಒಂದೇ ಸಮನೆ ಇದ್ದರೆ, 1ನ್ನು ಅದರಿಂದ ಭಾಗಿಸಿದಾಗ ಒಬ್ಬ ಗಿರಾಕಿ ಸರಾಸರಿ ಉಳಿಯುವ ತಿಂಗಳುಗಳು ಸಿಗುತ್ತವೆ. 4% ಚರ್ನ್ ಅಂದರೆ 25 ತಿಂಗಳು.

20 ಕೊಡುವವರಲ್ಲಿ ಚರ್ನ್ 4% ಇದೆ ಅನ್ನಿ. ಒಬ್ಬ ಗಿರಾಕಿಯಿಂದ ಒಟ್ಟು 500 ಬರುತ್ತದೆ. ಬಂದವರಲ್ಲಿ 3% ಕೊಳ್ಳುವುದರಿಂದ ತಲಾ ಆದಾಯ 15. 30 ಕೊಡುವವರಲ್ಲೂ ಚರ್ನ್ 4%ವೇ ಇದ್ದರೆ ಗಿರಾಕಿಯಿಂದ 750, ತಲಾ ಆದಾಯ 17.25. ಮೊದಲ ತಿಂಗಳು ಕಂಡ 15% ಲಾಭ ಹಾಗೇ ಉಳಿಯುತ್ತದೆ.

ಆದರೆ 30 ಕೊಡುವವರು ತಿಂಗಳ ಬಿಲ್ ನೋಡಿದಾಗೆಲ್ಲ "ಇದು ಬೇಕಾ?" ಅಂತ ಯೋಚಿಸಿ, ಚರ್ನ್ 6%ಕ್ಕೆ ಹೋದರೆ? ಅವರು ಉಳಿಯುವುದು ಸರಾಸರಿ 17 ತಿಂಗಳಿಗೂ ಕಡಿಮೆ. ಒಬ್ಬ ಗಿರಾಕಿಯಿಂದ ಬರುವುದು 500, 20ರವರಷ್ಟೇ. ಕೊಂಡವರೇ ಕಡಿಮೆ ಇರುವುದರಿಂದ ತಲಾ ಆದಾಯ 11.50ಕ್ಕೆ ಇಳಿಯುತ್ತದೆ. ಗೆದ್ದ ಬೆಲೆ ಸೋತ ಬೆಲೆಯಾಯಿತು. ಇಷ್ಟೂ ಬೇಡ, ಚರ್ನ್ 4%ದಿಂದ 4.6%ಕ್ಕೆ ಏರಿದರೆ ಸಾಕು, ಲಾಭ ಪೂರ್ತಿ ಸೊನ್ನೆಯಾಗುತ್ತದೆ.

ಇಂಥ ಸಣ್ಣ ವ್ಯತ್ಯಾಸವನ್ನು ಒಂದೆರಡು ತಿಂಗಳಲ್ಲಿ, ಅದೂ 230 ಗಿರಾಕಿಗಳಲ್ಲಿ, ಹಿಡಿಯುವುದು ಸಾಧ್ಯವಿಲ್ಲ. 4%ದ ಲೆಕ್ಕದಲ್ಲಿ ತಿಂಗಳಿಗೆ 9 ಜನ ಬಿಡುತ್ತಾರೆ, 4.6%ದ ಲೆಕ್ಕದಲ್ಲಿ 10 ಅಥವಾ 11. ಆದ್ದರಿಂದ ಪರೀಕ್ಷೆ ಮುಗಿದ ಮೇಲೂ ಎರಡು ಗುಂಪುಗಳನ್ನು ಬೇರೆ ಬೇರೆ ಗುರುತು ಹಾಕಿಟ್ಟು ಮೂರನೇ ತಿಂಗಳು, ಆರನೇ ತಿಂಗಳು ಮತ್ತೆ ನೋಡಬೇಕು: ಮೊದಲು ಬಂದ 10,000 ಜನಕ್ಕೆ ಹೋಲಿಸಿದರೆ ಇಲ್ಲಿಯವರೆಗೆ ಒಟ್ಟು ಎಷ್ಟು ಬಂತು? ಕೆಳಗಿನ ಸಂಖ್ಯೆ ಅದೇ 10,000, ಮೇಲಿನದು ಮಾತ್ರ ಬೆಳೆಯುತ್ತಾ ಹೋಗುತ್ತದೆ. 30ರ ಗೆರೆ ಆರು ತಿಂಗಳ ನಂತರವೂ ಮೇಲೆಯೇ ಇದ್ದು, ಎರಡರ ನಡುವಿನ ಅಂತರ ಕುಗ್ಗದೆ ಇದ್ದರೆ ಆಗ ನಿರ್ಧಾರ ಗಟ್ಟಿ.

## ಜಾಸ್ತಿ ಕೊಟ್ಟವರಿಗೆ ಗೊತ್ತಾದರೆ

ಒಂದೇ ವಸ್ತುವಿಗೆ ಇಬ್ಬರಿಂದ ಬೇರೆ ಬೇರೆ ಬೆಲೆ ತೆಗೆದುಕೊಂಡದ್ದು ಗೊತ್ತಾದರೆ ಜನಕ್ಕೆ ಸಿಟ್ಟು ಬರುತ್ತದೆ, ಮತ್ತು ಆ ಸಿಟ್ಟು ನ್ಯಾಯವೇ. 2000ನೇ ಇಸವಿಯಲ್ಲಿ ಅಮೆಜಾನ್ ಡಿವಿಡಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿತ್ತು. ಗಿರಾಕಿಗಳು ಬೆಲೆ ಹೋಲಿಸಿ ನೋಡಿ ಪತ್ತೆ ಹಚ್ಚಿದರು. ಕಂಪನಿ ಅದನ್ನು ತಪ್ಪು ಅಂತ ಒಪ್ಪಿಕೊಂಡು, ಜಾಸ್ತಿ ಕೊಟ್ಟಿದ್ದ 6,800ಕ್ಕೂ ಹೆಚ್ಚು ಜನರಿಗೆ ದುಡ್ಡು ವಾಪಸ್ ಕೊಟ್ಟಿತು. ಒಬ್ಬರಿಗೆ ಸರಾಸರಿ ಮೂರು ಡಾಲರ್ ಚಿಲ್ಲರೆ. ಮೊತ್ತ ದೊಡ್ಡದಲ್ಲ, ಕೆಟ್ಟ ಹೆಸರು ಬಂದದ್ದು ದೊಡ್ಡದು.

ಹಾಗಾಗಿ ಕೆಲವು ಎಚ್ಚರಿಕೆಗಳು ಬೇಕು. ಈಗಾಗಲೇ ಇರುವ ಗಿರಾಕಿಗಳ ಬೆಲೆಯನ್ನು ಮುಟ್ಟಬಾರದು, ಪರೀಕ್ಷೆ ಹೊಸಬರ ಮೇಲೆ ಮಾತ್ರ. ಒಬ್ಬರಿಗೆ ಒಮ್ಮೆ 30 ಕಂಡರೆ ಮುಂದಿನ ಸಲವೂ 30ಯೇ ಕಾಣಬೇಕು. ಫೋನಿನಲ್ಲಿ 20, ಲ್ಯಾಪ್‌ಟಾಪಿನಲ್ಲಿ 30 ಕಾಣುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಆದರೆ ಲಾಗಿನ್ ಆದವರಿಗಾದರೂ ಬೆಲೆಯನ್ನು ಅವರ ಖಾತೆಗೇ ಕಟ್ಟಿಬಿಡಬಹುದು. ಊರು, ಫೋನಿನ ಮಾದರಿ ನೋಡಿ ಬೆಲೆ ಹಂಚುವುದು ಬೇರೆಯದೇ ವಿಷಯ, ಅದನ್ನು ಪರೀಕ್ಷೆ ಅಂತ ಕರೆಯಬಾರದು. ಯಾರಾದರೂ ಕೇಳಿದರೆ ಕಡಿಮೆ ಬೆಲೆಗೆ ಕೊಡುವ ಅಧಿಕಾರ ಸಪೋರ್ಟ್‌ನವರಿಗೆ ಮೊದಲ ದಿನದಿಂದಲೇ ಇರಬೇಕು, ಹಾಗೆ ಕಡಿಮೆ ಬೆಲೆಗೆ ಪಡೆದವರನ್ನು ಅವರು ಮೊದಲು ಬಿದ್ದ ಗುಂಪಿನಲ್ಲೇ ಎಣಿಸಬೇಕು.

ಕೊನೆಗೆ 20ನ್ನೇ ಇಟ್ಟುಕೊಳ್ಳುವ ನಿರ್ಧಾರವಾದರೆ 30 ಕೊಟ್ಟ 230 ಜನಕ್ಕೂ ಬೆಲೆ ಇಳಿಸಿ, ಹೆಚ್ಚಿಗೆ ಕೊಟ್ಟ 10ನ್ನು ತಿಂಗಳ ಲೆಕ್ಕದಲ್ಲಿ ವಾಪಸ್ ಕೊಡಬೇಕಾಗುತ್ತದೆ. ಒಂದು ತಿಂಗಳಿಗೆ 2,300, ಆರು ತಿಂಗಳು ಕಾದಿದ್ದರೆ ಬಿಟ್ಟುಹೋದವರನ್ನು ಕಳೆದು 12,000ದ ಆಸುಪಾಸು. ಈ ಮೊತ್ತವನ್ನು ಪರೀಕ್ಷೆ ಶುರು ಮಾಡುವ ಮೊದಲೇ ಖರ್ಚಿನ ಪಟ್ಟಿಯಲ್ಲಿ ಬರೆದಿಟ್ಟರೆ, ಎಷ್ಟು ಜನರ ಮೇಲೆ ಮತ್ತು ಎಷ್ಟು ದಿನ ಪರೀಕ್ಷೆ ಮಾಡುವುದು ಅನ್ನುವ ಲೆಕ್ಕವೂ ಜೊತೆಗೇ ಇತ್ಯರ್ಥವಾಗುತ್ತದೆ.